ಅಂಜಿಕೆಯ ಪುಸ್ತಕಕ್ಕೆ ನಾನು ಹಚ್ಚಿದ ರಬ್ಬರು

ನೂರಾ ಐವತ್ತೆಂಟು ಎಂಬ ಸಂಖ್ಯೆ ಕಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ನಾನು ಬನಹಟ್ಟಿಯ ಒಂದು ವಿದ್ಯಾಸಂಸ್ಥೆಯಲ್ಲಿ ಗ್ರಂಥಪಾಲಕನಾಗಿದ್ದೆ. ಪುಸ್ತಕಗಳಿಗೆ ವಿಷಯದ ಪ್ರಕಾರ ಸಂಖ್ಯೆ ಹಾಕುವ ನಮ್ಮ ಪದ್ಧತಿಯಲ್ಲಿ, ಬಾಳಿನಲ್ಲಿ ಗೆಲ್ಲುವುದು ಹೇಗೆ ಎಂದು ಹೇಳುವ ಪುಸ್ತಕಗಳೆಲ್ಲ ಆ ಸಂಖ್ಯೆಯ ಕೆಳಗೆ ಬರುತ್ತವೆ. ನಾನು ಕೆಲಸಕ್ಕೆ ಸೇರಿದಾಗ ಅವು ಅರ್ಧ ಸಾಲು ಇದ್ದವು. ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷ ಆಗುವಷ್ಟರಲ್ಲಿ ಒಂದು ಇಡೀ ಕಪಾಟನ್ನು ನುಂಗಿದ್ದವು.

ಎಲ್ಲದರ ಮುಖಪುಟವೂ ಒಂದೇ. ಬೆಟ್ಟದ ತುದಿಯಲ್ಲಿ ಟೈ ಕಟ್ಟಿಕೊಂಡ ಒಬ್ಬ ಮನುಷ್ಯ ಎರಡೂ ಕೈ ಎತ್ತಿ ನಿಂತಿರುತ್ತಾನೆ. ಟೈ ಕಟ್ಟಿಕೊಂಡು ಬೆಟ್ಟ ಹತ್ತುವವನನ್ನು ನಾನಂತೂ ನಮ್ಮ ಸೀಮೆಯಲ್ಲಿ ಕಂಡಿಲ್ಲ. ಒಳಗೆ ದೊಡ್ಡ ಅಕ್ಷರ, ಅಗಲ ಅಂಚು, ಪುಟಕ್ಕೊಂದು ಆಶ್ಚರ್ಯಸೂಚಕ. ನೀನು ಸಿಂಹ, ನೀನು ಹದ್ದು, ಭಯವೆಂಬುದು ಸುಳ್ಳು, ಕಿತ್ತು ಒಗೆ. ಹೇಗೆ ಕೀಳಬೇಕೆಂದು ಮಾತ್ರ ಯಾವ ಪುಟದಲ್ಲೂ ಇಲ್ಲ. ಬರೆದವರಲ್ಲಿ ಒಬ್ಬರನ್ನು ನಮ್ಮ ಸಂಸ್ಥೆಯವರು ಭಾಷಣಕ್ಕೆ ಕರೆಸಿದ್ದರು. ಆತ ವೇದಿಕೆಯ ಮೇಲೆ ಹುಡುಗರಿಂದ ಮೂರು ಸಲ ಚಪ್ಪಾಳೆ ಹೊಡೆಸಿ, ತನ್ನದೇ ಪುಸ್ತಕದ ಕಟ್ಟುಗಳನ್ನು ನನ್ನ ಮೇಜಿನ ಮೇಲೆ ಇಳಿಸಿ ಹೋದ. ಅವಕ್ಕೆ ಒಂದೊಂದಾಗಿ ಮುದ್ರೆ ಒತ್ತುವಾಗ ನನಗೆ ಅಕ್ಷರಶಃ ಓಕರಿಕೆ ಬಂದಿತ್ತು.

ಆ ವರ್ಷ ದೀಪಾವಳಿ ಮುಗಿದ ಮೇಲೆ ನಮ್ಮ ಸಂಸ್ಥೆಯ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ನನ್ನ ಮೇಜಿನ ಮುಂದೆ ಬಂದು ನಿಂತರು. ನೇಕಾರರ ಮನೆಯ ಮಗಳು. ವಯಸ್ಸು ಮೂವತ್ತರ ಒಳಗೆ.

"ಸರ, ಅಂಜಿಕಿ ಹೋಗಾಕ ಒಂದು ಛಲೋ ಪುಸ್ತಕ ಇದ್ರ ಕೊಡ್ರಿ."

"ಯಾವುದರ ಅಂಜಿಕಿರಿ, ಅಕ್ಕಾರ?"

"ಬಸ್ಸಿಂದು," ಅಂದವರೇ ನೆಲ ನೋಡಿದರು.

ತಿಂಗಳ ಹಿಂದೆ ಜಮಖಂಡಿಗೆ ಹೊರಟಿದ್ದಾಗ ಬಸ್ಸಿನಲ್ಲಿ ಅವರ ಎದೆ ಒಮ್ಮೆಲೇ ಹೊಡೆದುಕೊಂಡಿತಂತೆ. ಉಸಿರು ಸಿಗಲಿಲ್ಲ, ಕೈ ಜೋಮು ಹಿಡಿದವು, ಇನ್ನೇನು ಸತ್ತೆ ಅನಿಸಿತು. ನಡುದಾರಿಯಲ್ಲೇ ಬಸ್ ನಿಲ್ಲಿಸಿ ಇಳಿದರು. ಡಾಕ್ಟರು ಇಸಿಜಿ ತೆಗೆದು ನೋಡಿ, ಹೃದಯಕ್ಕೆ ಏನೂ ಆಗಿಲ್ಲ ಎಂದು ಕಳಿಸಿದ್ದರು. ಅಂದಿನಿಂದ ಬಸ್ ಹತ್ತಿರಲಿಲ್ಲ. ಆದರೆ ಅವರಿಗೆ ಸರ್ಕಾರಿ ಶಿಕ್ಷಕಿಯ ನೌಕರಿ ಸಿಕ್ಕಿತ್ತು. ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರಿಗಾಗಿ ಬೀಳಗಿ ತಾಲ್ಲೂಕಿನಲ್ಲಿ ಕಟ್ಟಿದ ಹೊಸ ಊರೊಂದರ ಶಾಲೆ. ಜೂನ್ ಮೊದಲ ವಾರ ಹಾಜರಾಗಬೇಕು. ಚಿಕ್ಕಮ್ಮನ ಮನೆ ಬೀಳಗಿಯಲ್ಲಿತ್ತು, ಇರಲು ತೊಂದರೆಯಿಲ್ಲ. ಆದರೆ ಅಲ್ಲಿಂದ ಶಾಲೆಗೆ ದಿನಾ ಬಸ್ಸೇ ಗತಿ. ಬಸ್ ಹತ್ತಲಾಗದಿದ್ದರೆ ನೌಕರಿ ಹೋದಂತೆಯೇ.

ನಾನು ಮಾಡಿದ್ದೇನು? ನಾನು ಹೇಸುತ್ತಿದ್ದ ಅದೇ ಕಪಾಟಿನಿಂದ ಮೂರು ಪುಸ್ತಕ ತೆಗೆದು ಕೊಟ್ಟೆ. ಇದ್ದದ್ದು ಅವೇ, ಕೇಳಿದವರಿಗೆ ಕೊಡುವುದು ನನ್ನ ಕೆಲಸ ಎಂದು ನನಗೆ ನಾನೇ ಹೇಳಿಕೊಂಡೆ. ಹೊಟ್ಟೆಗೆ ಆಗದ್ದೆಂದು ಗೊತ್ತಿದ್ದೂ ಬಡಿಸಿದ ಹಾಗೆ.

ಸಂಕ್ರಾಂತಿಯ ಹೊತ್ತಿಗೆ ಅವನ್ನು ತಂದು ಮೇಜಿನ ಮೇಲಿಟ್ಟರು. ಕಣ್ಣ ಕೆಳಗೆ ಕಪ್ಪಾಗಿತ್ತು.

"ಕನ್ನಡಿ ಮುಂದ ನಿಂತು ದಿನಾ ನೂರು ಸಲ ಅಂದೀನ್ರಿ ಸರ, ನಾ ಅಂಜೂದಿಲ್ಲ, ನಾ ಸಿಂಹ ಅಂತ. ಬಸ್ಸಿನ ಮೆಟ್ಟಲ ಮ್ಯಾಲ ನಿಂತೂ ಅಂದೆ. ಹಿಂದಿನವರು ನಗಾಕತ್ತಿದ್ರು. ಕಾಲು ಒಳಗ ಹೋಗಲಿಲ್ರಿ." ಪುಸ್ತಕಗಳನ್ನು ನನ್ನತ್ತ ತಳ್ಳಿ ಹೇಳಿದರು. "ಲಕ್ಷಾಂತರ ಮಂದಿಗೆ ಗುಣಾ ಆಗೇತಿ ಅಂತ ಬರದಾರ. ನನಗಷ್ಟ ಆಗಲಿಲ್ಲ ಅಂದ್ರ, ನಂದ ಮನಸ್ಸು ಹೊಲಸು ಇರಬೇಕು."

ನನಗೆ ಬಂದ ಸಿಟ್ಟನ್ನು ಏನು ಹೇಳಲಿ. ಆ ಪುಸ್ತಕಗಳ ಹೊಲಸುತನ ಅಲ್ಲೇ ಇದೆ. ಗುಣವಾದರೆ ಪುಸ್ತಕದ ಹೆಸರು, ಆಗದಿದ್ದರೆ ಓದಿದವರ ತಪ್ಪು. ಅವರು ಬಂದಾಗ ಬಸ್ಸಿನ ಅಂಜಿಕೆ ಒಂದೇ ಇತ್ತು, ಈಗ ನಾಚಿಕೆಯೂ ಸೇರಿಕೊಂಡಿತ್ತು.

ಅವರ ಅಣ್ಣ ಅವರನ್ನು ತನ್ನ ಮೋಟಾರ್ ಸೈಕಲ್ ಮೇಲೆ ಕೂರಿಸಿಕೊಂಡು ಮುಧೋಳಕ್ಕೆ ಕರೆದೊಯ್ದ. ಅಲ್ಲಿಗೆ ವಾರಕ್ಕೊಂದು ದಿನ ಮನೋವೈದ್ಯರೊಬ್ಬರು ಬರುತ್ತಿದ್ದರು. ಅವರು ಸಿಂಹದ ಮಾತಾಡಲಿಲ್ಲ. ಇದಕ್ಕೆ ಪರೀಕ್ಷೆ ಮಾಡಿ ನೋಡಿದ ಚಿಕಿತ್ಸೆ ಇದೆ, ಬಹಳ ಜನರಿಗೆ ಗುಣವಾಗುತ್ತದೆ, ಆದರೆ ಕೆಲಸ ನೀವು ಮಾಡಬೇಕು ಎಂದು ಹೇಳಿ ಒಂದು ಇಂಗ್ಲಿಷ್ ಪುಸ್ತಕದ ಹೆಸರು ಬರೆದುಕೊಟ್ಟರು. ತಿಂಗಳಿಗೊಮ್ಮೆ ಬಂದು ತೋರಿಸಿ ಎಂದರು. ನಾನು ಪುಸ್ತಕ ತರಿಸಿದೆ. ಬಂದದ್ದು ಸಪ್ಪೆ ಮುಖಪುಟದ, ಪಠ್ಯಪುಸ್ತಕದಂಥ ಪುಸ್ತಕ. ಶೀರ್ಷಿಕೆಯಲ್ಲಿ ಭಯವೆಂಬ ಮಾತು ಕಂಡದ್ದೇ ತಡ, ಇದೂ ಅದೇ ಜಾತಿಯದು ಎಂದುಕೊಂಡು, ಒಳಗೆ ಒಂದು ಪುಟವನ್ನೂ ತೆರೆಯದೆ ನೂರಾ ಐವತ್ತೆಂಟು ಎಂದು ಬೆನ್ನಿಗೆ ಚೀಟಿ ಅಂಟಿಸಿದೆ. ವೈದ್ಯದ ಪುಸ್ತಕಗಳ ಸಾಲಿಗೆ ಹೋಗಬೇಕಾದದ್ದು ಅದು. ಮುಖಪುಟ ನೋಡಿ ಪುಸ್ತಕ ಕೊಳ್ಳುವವರನ್ನು ಅಷ್ಟು ಬೈಯುತ್ತಿದ್ದ ನಾನು ಮಾಡಿದ್ದೂ ಅದನ್ನೇ.

ಫೆಬ್ರುವರಿಯಿಂದ ಆ ಪುಸ್ತಕ ಅವರ ಹತ್ತಿರವೇ ಇತ್ತು. ಹದಿನೈದು ದಿನಕ್ಕೊಮ್ಮೆ ಬಂದು ತಾರೀಖು ಹಾಕಿಸಿಕೊಂಡು ಒಯ್ಯುತ್ತಿದ್ದರು. ಮುಖದಲ್ಲಿ ಕಳೆ ಬರುತ್ತಿತ್ತು, ನಾನು ಕಾರಣ ಕೇಳಲಿಲ್ಲ.

ಏಪ್ರಿಲ್ ಕೊನೆಗೆ ನಮ್ಮಲ್ಲಿ ಪುಸ್ತಕಗಳ ತಪಾಸಣೆ. ಹೊರಗಿದ್ದ ಪುಸ್ತಕಗಳೆಲ್ಲ ಒಳಗೆ ಬರಬೇಕು. ಅವರೂ ತಂದುಕೊಟ್ಟು, ತಪಾಸಣೆ ಮುಗಿದ ಕೂಡಲೇ ಬೇಕು ಎಂದು ಹೇಳಿ ಹೋದರು. ತಪಾಸಣೆಗೆ ಮೊದಲು ಪುಸ್ತಕದಲ್ಲಿ ಯಾರಾದರೂ ಪೆನ್ಸಿಲಿನಿಂದ ಗೀಚಿದ್ದರೆ ಅಳಿಸುವುದು ನನ್ನ ಪದ್ಧತಿ. ಬೇರೆ ಕಾಲೇಜಿನ ಗ್ರಂಥಪಾಲಕರು ಇಷ್ಟು ಮಾಡುತ್ತಿರಲಿಲ್ಲ, ಅದೇ ನನ್ನ ಜಂಬ. ಆ ಪುಸ್ತಕ ತೆಗೆದರೆ ಒಳಗೆಲ್ಲ ಅಚ್ಚಾದ ಗೆರೆಯ ಮನೆಗಳು, ಮನೆಗಳ ತುಂಬ ಪೆನ್ಸಿಲಿನ ಅಂಕಿ, ಸಣ್ಣ ಸಣ್ಣ ಮಾತು. ಅವರ ಶಾಲೆಯ ಯಾವುದೋ ಹುಡುಗ ಲೆಕ್ಕ ಬಿಡಿಸಿದ್ದಾನೆ ಎಂದುಕೊಂಡು ನಾನು ಓದಲೂ ಇಲ್ಲ. ಹೊಸ ರಬ್ಬರು ತೆಗೆದುಕೊಂಡು, ಬಾಯಲ್ಲಿ ಹಾಡು ಗುನುಗುತ್ತ, ಮಧ್ಯಾಹ್ನವೆಲ್ಲ ಕೂತು ನಲವತ್ತು ಪುಟ ಅಚ್ಚುಕಟ್ಟಾಗಿ ಅಳಿಸಿದೆ.

ಮೇ ತಿಂಗಳ ಕೊನೆಯ ವಾರ ಅವರು ಬಂದರು. ಪುಸ್ತಕ ತೆರೆದರು, ಪುಟ ತಿರುವಿದರು, ಮತ್ತೆ ತಿರುವಿದರು. ಆಮೇಲೆ ಕುರ್ಚಿಯ ಮೇಲೆ ಕೂತರು.

"ಸರ, ನಾ ಬರದಿದ್ದು ಎಲ್ಲೈತ್ರಿ?"

ನಾನೇ ಅಳಿಸಿದೆ ಎಂದು ಹೇಳಿದೆ. ಅವರು ಬೈದಿದ್ದರೆ ಚೆನ್ನಾಗಿತ್ತು.

"ನೆನಪಿದ್ದಷ್ಟು ಮತ್ತ ಬರೀಬಹುದಲ್ರಿ, ಅಕ್ಕಾರ?"

"ಬಸ್ಸಿಗೆ ಹೋಗೂ ಮುಂದ ನೆನಪೂ ಅಂಜಿಕಿ ಕಡೆನ ಆಗಿಬಿಡತೈತ್ರಿ ಸರ. ಅದಕ್ಕ ಬರದಿಟ್ಟಿದ್ದೆ. ಮನ್ಯಾಗ ಅದನ್ನ ಓದಿ ಹೊರಗ ಬೀಳತಿದ್ದೆ."

ಪುಸ್ತಕವನ್ನು ಮೇಜಿನ ಮೇಲೇ ಬಿಟ್ಟು ಅವರು ಎದ್ದು ಹೋದ ಮೇಲೆ ನನ್ನ ಮೇಲೆ ನನಗೆ ಹುಟ್ಟಿದ ಅಸಹ್ಯದ ಮುಂದೆ ಆ ಭಾಷಣಕಾರನ ಮೇಲಿನದು ಏನೂ ಅಲ್ಲ. ಆತ ಕೊಟ್ಟದ್ದು ಟೊಳ್ಳು, ನಿಜ. ನಾನಾದರೋ ಗಟ್ಟಿಯಾದದ್ದನ್ನೇ ಒರೆಸಿ ಹಾಕಿದ್ದೆ.

ಮಾರನೆಯ ದಿನ ಬೆಳಿಗ್ಗೆ ಮೂಡಣ ಕಿಟಕಿಯ ಬಿಸಿಲಿಗೆ ಪುಟವನ್ನು ಓರೆಯಾಗಿ ಹಿಡಿದು ನೋಡಿದೆ. ಶಿಕ್ಷಕಿಯ ಕೈ, ಒತ್ತಿ ಬರೆದ ಅಕ್ಷರ. ಸೀಸ ಹೋಗಿದ್ದರೂ ಕಾಗದದಲ್ಲಿ ಗುಣಿ ಉಳಿದಿತ್ತು. ಬೀದಿಯಾಚೆ ಮಗ್ಗಗಳ ಖಟಖಟ ನಡೆದಿತ್ತು. ನಾನು ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮನೆ ಮಾಡಿ, ಒಂದೊಂದೇ ಸಾಲು ಇಳಿಸಿಕೊಳ್ಳತೊಡಗಿದೆ. ನಾಲ್ಕು ದಿನ, ಬಿಸಿಲು ಕಿಟಕಿ ದಾಟುವವರೆಗೆ ಅದೇ ಕೆಲಸ. ಅರ್ಥವಾಗದಲ್ಲಿ ಪುಸ್ತಕವನ್ನೇ ಓದಬೇಕಾಯಿತು. ಹಾಗೆ ಕೊನೆಗೂ ಅದನ್ನು ಓದಿದೆ.

ಅದರಲ್ಲಿ ಭಯವನ್ನು ಕಿತ್ತು ಒಗೆ ಎಂದು ಎಲ್ಲೂ ಇರಲಿಲ್ಲ. ಅಂಜುವ ಕೆಲಸಗಳನ್ನು ಕಡಿಮೆಯದರಿಂದ ಹೆಚ್ಚಿನದಕ್ಕೆ ಮೆಟ್ಟಿಲಿನಂತೆ ಜೋಡಿಸು. ಒಂದೊಂದಕ್ಕೂ ಸೊನ್ನೆಯಿಂದ ನೂರರೊಳಗೆ ಅಂಜಿಕೆಯ ಅಂಕಿ ಹಾಕು. ಹೋಗುವ ಮೊದಲು, ಏನಾಗುತ್ತದೆಂದು ಅಂಜಿದ್ದೀಯೋ ಅದನ್ನು ಬರೆ. ಹೋಗು, ಓಡಿಬರಬೇಡ, ಅಲ್ಲೇ ಇರು. ಬಂದ ಮೇಲೆ ನಿಜವಾಗಿ ಏನಾಯಿತೆಂದು ಬರೆ. ಅದನ್ನೇ ಮತ್ತೆ ಮತ್ತೆ ಮಾಡು. ಎದೆ ಹೊಡೆದುಕೊಂಡರೆ ಹೊಡೆದುಕೊಳ್ಳಲಿ, ಅದು ಅಂಜಿಕೆ ಬಂದಾಗ ಮೈ ಮಾಡುವ ಕೆಲಸವೇ ಹೊರತು ಸಾವಲ್ಲ. ಅದು ರೂಢಿಯಾಗಲೆಂದು ಅವರು ಮನೆಯ ಅಟ್ಟದ ಮೆಟ್ಟಿಲು ಓಡಿ ಹತ್ತಿ, ಬೇಕೆಂದೇ ಎದೆಬಡಿತ ತರಿಸಿಕೊಂಡಿದ್ದರು.

ಮೊದಲ ಸಾಲುಗಳು ನಿಂತ ಬಸ್ಸಿನಲ್ಲಿ ಬರೀ ಕೂತು ಬಂದದ್ದು. ಆಮೇಲೆ ರಬಕವಿಯವರೆಗೆ. ಆಮೇಲೆ ಅಣ್ಣನ ಜೊತೆ ಜಮಖಂಡಿ, ಆಮೇಲೆ ಒಬ್ಬರೇ. ಆಮೇಲೆ ಬಾಗಿಲ ಹತ್ತಿರದ ಸೀಟು ಬಿಟ್ಟು ನಡುವಿನ ಸೀಟು, ನೀರಿನ ಬಾಟಲಿ ಇಲ್ಲದೆ. ಕೈಯಲ್ಲಿ ಆಸರೆ ಇದ್ದರೆ, ಆಸರೆಯಿಂದ ಬದುಕಿದೆ ಎಂದೇ ಮನಸ್ಸು ತಿಳಿಯುತ್ತದಂತೆ. ಒಂದು ಸಾಲು ನನಗೆ ಬಾಯಿಪಾಠವಾಗಿದೆ. ಏನಾಗುತ್ತದೆ: ಮೂರ್ಛೆ ಹೋಗುತ್ತೇನೆ, ಮಂದಿ ಸೇರುತ್ತಾರೆ. ಅಂಜಿಕೆ: ತೊಂಬತ್ತು. ಏನಾಯಿತು: ಮೂರ್ಛೆ ಹೋಗಲಿಲ್ಲ. ಪಕ್ಕದ ಮುದುಕಿ ನನ್ನ ಹೆಗಲ ಮೇಲೆ ನಿದ್ದೆ ಮಾಡಿದಳು. ಮೂವತ್ತೊಂದು ಸಲ ಸಾಯುತ್ತೇನೆ ಅಥವಾ ಬೀಳುತ್ತೇನೆ ಎಂದು ಬರೆದಿದ್ದರು, ಒಮ್ಮೆಯೂ ಹಾಗಾಗಿರಲಿಲ್ಲ. ಎಲ್ಲ ಸಲ ಅಂಜಿಕೆ ಇಳಿದಿರಲೂ ಇಲ್ಲ, ಅದನ್ನೂ ಇದ್ದಂತೆಯೇ ಬರೆದಿದ್ದರು. ಅಷ್ಟು ಪ್ರಾಮಾಣಿಕವಾದ ಒಂದು ಸಾಲು ಆ ಇಡೀ ಕಪಾಟಿನಲ್ಲಿ ಇರಲಿಲ್ಲ. ಕೊನೆಯ ಸಾಲಿನಲ್ಲಿ ಬೀಳಗಿ ಎಂದಿತ್ತು. ಮುಂದಿನ ಮನೆಗಳು ಖಾಲಿ.

ಜೂನ್ ಮೊದಲ ವಾರ, ಅವರು ಹೊರಡುವ ದಿನ ಬೆಳಿಗ್ಗೆ ಪುಸ್ತಕ, ನೋಟ್‌ಬುಕ್ಕು ಎರಡನ್ನೂ ಹಿಡಿದು ಬಸ್ ನಿಲ್ದಾಣಕ್ಕೆ ಹೋದೆ. ನಿಂತಲ್ಲೇ ಅವರು ನೋಟ್‌ಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಿದರು.

"ನಾ ಬೀಳಗಿ ತನಕ ಬರ್ಲೇನ್ರಿ, ಅಕ್ಕಾರ?"

"ಬ್ಯಾಡ್ರಿ ಸರ." ಎರಡನ್ನೂ ನನ್ನ ಕೈಗೇ ವಾಪಸ್ ಕೊಟ್ಟರು. "ಇದೂ ನಿಮ್ಮ ಕಡೆನ ಇರಲಿ. ಕೈಯಾಗ ಹಿಡಕೊಂಡು ಕುಂತ್ರ ಇದೂ ನೀರಿನ ಬಾಟ್ಲಿ ಆಗತೈತಿ."

ಬೆವೆತ ಕೈಯಿಂದ ಸರಳು ಹಿಡಿದು ಹತ್ತಿದರು. ನಡುವಿನ ಸೀಟಿನಲ್ಲಿ ಕೂತರು. ಬಸ್ ಹೋಯಿತು. ನಾನು ಗ್ರಂಥಾಲಯಕ್ಕೆ ಬಂದು, ಬೆನ್ನಿನ ಚೀಟಿ ಕಿತ್ತು, ಆ ಪುಸ್ತಕಕ್ಕೆ ವೈದ್ಯದ ಸಂಖ್ಯೆ ಹಾಕಿದೆ. ಅಂದು ಬೇರೆ ಯಾವ ಕೆಲಸವೂ ಆಗಲಿಲ್ಲ. ಎದುರಿನ ಕಪಾಟಿನಿಂದ ಟೈ ಕಟ್ಟಿದವರೆಲ್ಲ ಕೈ ಎತ್ತಿಕೊಂಡು ನನ್ನನ್ನೇ ನೋಡುತ್ತಿದ್ದರು.

ಮಧ್ಯಾಹ್ನ ಕಚೇರಿಯ ಫೋನಿಗೆ ಅವರ ಕರೆ ಬಂತು.

"ಸರ, ಪುಸ್ತಕ ಐತಿಲ್ರಿ ಮುಂದ? ಬೀಳಗಿ ಸಾಲು ತಗೀರಿ. ಅಂಜಿಕಿ, ಬಸ್ ಹತ್ತೂ ಮುಂದ ತೊಂಬತ್ತೈದು. ಇಳಿಯೂ ಮುಂದ ನಲವತ್ತು. ಏನಾಗತೈತಿ ಅನ್ನೂ ಕಡೆ, ಸಾಯ್ತೀನಿ ಅಂತ ಬರೀರಿ."

"ಏನಾತು ಅನ್ನೂ ಕಡೆ?"

"ಸಾಲಿ ಮುಟ್ಟೀನಿ. ಹಾಜರಿ ಪುಸ್ತಕಕ್ಕ ಸಹಿ ಮಾಡೀನಿ." ಅವರು ಉಸಿರು ಎಳೆದುಕೊಂಡದ್ದು ಕೇಳಿಸಿತು. "ಸರ, ಪೆನ್ನಿಲೆ ಬರೀರಿ."

ಪುಸ್ತಕದಲ್ಲಿ ಗೀಚಿದ್ದಕ್ಕೆ ಎಷ್ಟೋ ಹುಡುಗರನ್ನು ಹೊರಗೆ ನಿಲ್ಲಿಸಿದ ನಾನು, ಗ್ರಂಥಾಲಯದ ಮುದ್ರೆ ಇದ್ದ ಆ ಪುಸ್ತಕದಲ್ಲೇ, ಬೀಳಗಿಯ ಗುಣಿ ಉಳಿದ ಸಾಲಿನಲ್ಲಿ, ಶಾಯಿಯಿಂದ, ಒತ್ತಿ ಬರೆದೆ.