ಕೆಳಗಿನವರು ಕೇಳಿದರೂ ಇಷ್ಟೇ

ನನ್ನ ತಂಗಿ ಸುಧಾಳ ಬಾಯಲ್ಲಿ "ಇಲ್ಲ" ಅನ್ನುವ ಮಾತು ಹೊರಡುವುದೇ ಇಲ್ಲ. ಅದಕ್ಕೊಂದು ಕಾರಣವಿದೆ. ತೊಂಬತ್ತೆಂಟರ ಸುಮಾರಿಗೆ ಹರಿಹರದಲ್ಲಿ ನಮ್ಮ ಮನೆಗೆ ಫೋನಿರಲಿಲ್ಲ. ಪಕ್ಕದ ಮನೆಯ ನಂಬರನ್ನೇ ಪಿ.ಪಿ. ನಂಬರ್ ಎಂದು ನೆಂಟರಿಗೆಲ್ಲ ಕೊಟ್ಟಿದ್ದೆವು. ಫೋನ್ ಬಂದಾಗ ಆ ಮನೆಯಾಕೆ ಕಾಂಪೌಂಡಿನಿಂದ ಕೂಗುತ್ತಿದ್ದಳು, ನಾವು ಓಡಿ ಹೋದರೆ ಮುಖ ಸಿಂಡರಿಸುತ್ತಿದ್ದಳು. ನಮ್ಮ ಬಾಗಿಲಿಗೆ ಬಂದವರಿಗೆ ಹಾಗಾಗಬಾರದೆಂದು ಸುಧಾ ಅಂದೇ ನಿರ್ಧರಿಸಿಬಿಟ್ಟಳು. ಒಳ್ಳೆಯ ಬುದ್ಧಿಯೇ, ಆದರೆ ಒಳ್ಳೆಯತನವೇ ಅವಳ ಕುತ್ತಿಗೆಗೆ ಬಂತು.

ಈಗ ಅವಳು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ಗುರುಶಾಂತಮ್ಮನವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಾಳೆ, ಕೆಳಗೆ ಅವರೇ ಇದ್ದಾರೆ. ಗಂಡ ತೀರಿಹೋದ ಮೇಲೆ ಅವಳು, ಹತ್ತನೇ ಕ್ಲಾಸಿನ ಮಗಳು ನಯನಾ, ಇಬ್ಬರೇ. ಮನೆಯಲ್ಲೇ ಕೂತು, ಇಂಟರ್‌ನೆಟ್ ಮೂಲಕ ಬರುವ ಕರೆಗಳಿಗೆ ಉತ್ತರಿಸುವುದು ಅವಳ ಕೆಲಸ. ಫ್ರಿಜ್ ಕೆಟ್ಟವರು, ವಾಷಿಂಗ್ ಮೆಷಿನ್ ನಿಂತವರು ಬೈಯುತ್ತಾರೆ, ಇವಳು ಸಮಾಧಾನ ಮಾಡುತ್ತಾಳೆ. ಮಾತಿನ ನಡುವೆ ಲೈನ್ ಕಟ್ ಆಗುವುದು ಹೆಚ್ಚಾಗಿ ಕಂಪನಿಯವರು ಕಡೆಯ ಎಚ್ಚರಿಕೆ ಕೊಟ್ಟಿದ್ದರು. ಇನ್ನೊಮ್ಮೆ ಹಾಗಾದರೆ ಕೆಲಸ ಇಲ್ಲ.

ತಪ್ಪು ಮನೆಯೊಳಗೇ ಇತ್ತು. ಬಂದವರಿಗೆ ನೀರು ಕೊಡುವ ಮೊದಲೇ ಸುಧಾ ವೈಫೈ ಪಾಸ್‌ವರ್ಡ್ ಕೊಡುತ್ತಿದ್ದಳು. ಕೆಳಗಿನ ಮನೆಯ ಟಿ.ವಿ.ಗೂ ಹಾಕಿಕೊಟ್ಟಿದ್ದಳು. ನಯನಾ ಗೆಳತಿಯರಿಗೆ ಕೊಟ್ಟಳು. ಒಮ್ಮೆ ಸೇರಿಕೊಂಡ ಫೋನಿನಲ್ಲಿ ಕ್ಯೂಆರ್ ಕೋಡ್ ತೆರೆದು ತೋರಿಸಿದರೆ ಸಾಕು, ಪಾಸ್‌ವರ್ಡ್ ಗೊತ್ತಿಲ್ಲದವರೂ ಒಳಗೆ. ಆಮೇಲೆ ಅವರು ಹತ್ತಿರ ಬಂದಾಗಲೆಲ್ಲ ಫೋನ್ ತಾನಾಗಿಯೇ ಸೇರಿಕೊಳ್ಳುತ್ತದೆ. ಅವಳ ಪ್ಲಾನಿನಲ್ಲಿ ತಿಂಗಳಿಗೆ ಇಷ್ಟು ಡೇಟಾ ಎಂಬ ಮಿತಿ. ಅದು ಮುಗಿದರೆ ಲೈನ್ ಸಾಯುವುದಿಲ್ಲ, ಮುಂದಿನ ತಿಂಗಳವರೆಗೆ ತೆವಳುತ್ತದೆ. ರೌಟರ್‌ನ ಪುಟ ತೆರೆದು ನೋಡಿದರೆ ಗುರುತಿಲ್ಲದ ಫೋನುಗಳ ಸಂತೆ. ನನ್ನದೂ ಅದರಲ್ಲಿತ್ತು ಅನ್ನಿ.

ಸುಧಾ ಪಾಸ್‌ವರ್ಡ್ ಬದಲಿಸಿದಳು. ಎಲ್ಲ ಫೋನುಗಳೂ ಒಟ್ಟಿಗೆ ಹೊರಬಿದ್ದವು. ಬಂದುಹೋಗುವವರಿಗೆಂದು ಬೇರೆ ಹೆಸರಿನ, ಬೇರೆ ಪಾಸ್‌ವರ್ಡಿನ ಗೆಸ್ಟ್ ವೈಫೈ ಮಾಡಿ ಅದರ ವೇಗಕ್ಕೆ ಕಡಿವಾಣ ಹಾಕಿದಳು. ಕೆಲಸದ ಹೊತ್ತಿನಲ್ಲಿ ಮಗಳೊಂದಿಗೆ ಮಾತಾಡಲು ಆಗುವುದಿಲ್ಲವಲ್ಲ, ಚೀಟಿ ಬರೆದು ಬಾಗಿಲಿಗೆ ಅಂಟಿಸಿದಳು:

"ನಯನಾ, ಮನೆಯ ಪಾಸ್‌ವರ್ಡ್ ನಮ್ಮಿಬ್ಬರಿಗೆ ಮಾತ್ರ. ಗೆಳತಿಯರು ಕೇಳಿದರೆ ಗೆಸ್ಟ್‌ದು ಕೊಡು. ಅದು ನಿಧಾನ, ಆದರೆ ಮೆಸೇಜಿಗೆ ಸಾಕು. ಭಾನುವಾರಕ್ಕೊಮ್ಮೆ ಅದನ್ನು ಬದಲಿಸುತ್ತೇನೆ. ಮನೆಯದರ ಕ್ಯೂಆರ್ ಯಾರಿಗೂ ತೋರಿಸಬೇಡ. ಅವರ ಫೋನಿನಲ್ಲಿ ನೀನೇ ಟೈಪ್ ಮಾಡಿದರೂ ಕೊಟ್ಟಂತೆಯೇ. ಕೆಳಗಿನವರು ಕೇಳಿದರೂ ಇಷ್ಟೇ. ನಮ್ಮ ಅನ್ನ ಈ ಲೈನಿನ ಮೇಲಿದೆ. ಅಮ್ಮ."

ಆ ವಾರ ನಾನು ಹರಿಹರದಿಂದ ಹೋಗಿದ್ದೆ. ಗುರುಶಾಂತಮ್ಮನವರು ಮೆಟ್ಟಿಲು ಹತ್ತಿ ಬಂದರು.

"ಮೊಮ್ಮಕ್ಕಳು ಬಂದಾವು. ಟಿ.ವಿ.ಗೆ ನಿಮ್ಮ ವೈಫೈ ಹತ್ತವಲ್ದು. ಹೊಸಾದು ಏನೈತೆ ಹೇಳವ್ವ."

ನಯನಾಳೂ ತಾಯಿಯಂತೆಯೇ. ಬಾಯಿ ಬಿಟ್ಟು ಇಲ್ಲ ಅನ್ನಲಾರದೆ, ಬಾಗಿಲ ಚೀಟಿ ಕಿತ್ತು ಅವರ ಕೈಗೇ ಕೊಟ್ಟಳು. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಅವರು ಓದಿ ಮುಗಿಸಿದ್ದರು. ಸುಧಾ ಹೆಡ್‌ಫೋನ್ ತೆಗೆದು ಓಡಿ ಬಂದಳು.

"ಅಮ್ಮಾರೆ, ಗೆಸ್ಟ್‌ದು ಹಾಕಿಕೊಡ್ತೀನಿ ತಗೊಳ್ರಿ."

"ಬ್ಯಾಡವ್ವ. ಬಂದೋರಿಗೆ ನಿಧಾನದ್ದು ಅಂತ ನೀನೇ ಬರ್ದೀಯಲ್ಲ. ನನ್ನ ಮನ್ಯಾಗ ನಾನು ಬಂದಾಕೆ ಏನು?" ಅವರು ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸುತ್ತಿದ್ದೆ. "ಗ್ವಾಡಿಗೆ ಬಣ್ಣ ಹೊಡೆಸ್ಬೇಕು. ನಿನ್ನ ನೆಟ್ಟಿನ ವೈರು ನಮ್ಮ ಪೋರ್ಟಿಕೋದಾಗ ಹಾದೈತಲ್ಲ, ನಾಳೆ ಬಿಚ್ಚಿಸಿಬಿಡು."

ಅತ್ತ ದರಿ, ಇತ್ತ ಪುಲಿ. ವೈರ್ ಬಿಚ್ಚಿದರೆ ಕೆಲಸ ನಾಳೆಯೇ ಹೋಗುತ್ತದೆ. ಪಾಸ್‌ವರ್ಡ್ ಕೊಟ್ಟರೆ ನಿಧಾನವಾಗಿ ಹೋಗುತ್ತದೆ. ಮೊಬೈಲ್ ಡೇಟಾದಲ್ಲಿ ಕೆಲಸ ಮಾಡಲು ಕಂಪನಿ ಬಿಡುವುದಿಲ್ಲ. ಸುಧಾ ಕೆಳಗಿಳಿದು ಹೋಗಿ, ಅವರ ಟಿ.ವಿ. ಮುಂದೆ ನಿಂತು, ರಿಮೋಟಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಮನೆಯ ಪಾಸ್‌ವರ್ಡ್ ಹಾಕಿಕೊಟ್ಟಳು. ಮೊಮ್ಮಕ್ಕಳ ಫೋನಿಗೂ ಹಾಕಿದಳು. ನಯನಾ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. ನನಗೆ ಸಿಟ್ಟು ಬಂತು, ಯಾರ ಮೇಲೆ ಅಂತ ಮಾತ್ರ ತಿಳಿಯಲಿಲ್ಲ.

ತಿಂಗಳು ಮುಗಿಯುವ ಮೊದಲೇ ಡೇಟಾ ಮುಗಿಯಿತು. ಆ ಮಧ್ಯಾಹ್ನ ನಾನು ಮತ್ತೆ ಅಲ್ಲಿದ್ದೆ. ಕೆಳಗೆ ಟಿ.ವಿ.ಯಲ್ಲಿ ನಿಂತು ನಿಂತು ಓಡುವ ಕಾರ್ಟೂನು, ಮಕ್ಕಳ ನಗು. ಮೇಲೆ ಸುಧಾ ಪರದೆಗೆ ಮುಖವಿಟ್ಟು, "ಹಲೋ ಸರ್, ಕೇಳಿಸ್ತಿದೆಯಾ? ಹಲೋ?" ಎನ್ನುತ್ತಲೇ ಇದ್ದಳು. ಕರೆ ಕಟ್ ಆಗಿತ್ತು. ಸ್ವಲ್ಪ ಹೊತ್ತಿಗೆ ಮೇಲಧಿಕಾರಿಯ ಮೆಸೇಜ್ ಬಂತು: ನಾಳೆಯಿಂದ ಲಾಗಿನ್ ಆಗುವುದು ಬೇಡ.

ನಯನಾ ಹೆದರಿಕೊಂಡು ಪಕ್ಕಕ್ಕೆ ಬಂದಳು. "ಅಮ್ಮ, ನಾ ಯಾರಿಗೂ ಕೊಟ್ಟಿಲ್ಲ. ನಿನ್ನಾಣೆ."

ಸುಧಾ ಹೆಡ್‌ಫೋನ್ ತೆಗೆಯದೆಯೇ ಅವಳ ಕೈ ಹಿಡಿದುಕೊಂಡಳು.

"ಗೊತ್ತೈತಿ ಮಗಳೇ. ಕೊಟ್ಟಾಕೆ ನಾನು."