ಮಂಗಳವಾರ ಬಂದ ಐದನೇ ತಾರೀಕು

ತೊಂಬತ್ತರ ದಶಕದಲ್ಲಿ ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿದ್ದೆ. ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ, ಅಂಚೆ ಕಚೇರಿಯ ಪಿಪಿಎಫ್ ಖಾತೆಗೆ ಹಣ ಕಟ್ಟುತ್ತಿದ್ದೆ. ಆ ವರ್ಷ ಚೀಟಿ ಹಣ ಕೈಸೇರಿದ್ದು ನಾಲ್ಕರ ಸಂಜೆ. ಅಮ್ಮ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಬೆಳಗ್ಗೆ ಕೀಲಿ ಕೇಳಿದೆ.

"ಮಂಗಳವಾರ ಲಕ್ಷ್ಮೀನ ಹೊರಗೆ ಕಳಿಸ್ತಾರೇನೋ? ನಾಳೆ ಕಟ್ಟು."

"ಅಮ್ಮಾ, ಇವತ್ತು ಐದು. ಇವತ್ತೇ ಕಟ್ಬೇಕು."

"ಒಂದಿನದ ಬಡ್ಡಿ ಹೋದ್ರೆ ಹೋಗ್ಲಿ ಬಿಡು."

"ಒಂದಿನದ್ದಲ್ಲಮ್ಮ, ಈ ದುಡ್ಡಿಗೆ ಇಡೀ ಏಪ್ರಿಲ್ ಬಡ್ಡಿ ಹೋಗುತ್ತೆ! ಐದರ ಸಂಜೆಯಿಂದ ತಿಂಗಳ ಕೊನೇವರೆಗೆ ಖಾತೇಲಿ ಯಾವತ್ತು ಎಲ್ಲಕ್ಕಿಂತ ಕಡಿಮೆ ದುಡ್ಡಿರುತ್ತೋ, ಅಷ್ಟಕ್ಕೇ ಆ ತಿಂಗಳ ಬಡ್ಡಿ. ನಾಳೆ ಕಟ್ಟಿದ್ರೆ ಇವತ್ತು ಸಂಜೆ ಹಳೇ ದುಡ್ಡಷ್ಟೇ ಇರುತ್ತೆ."

"ಇಪ್ಪತ್ತೈದು ದಿನ ಅವರ ಹತ್ರಾನೇ ಇದ್ರೂ ಬಡ್ಡಿ ಕೊಡಲ್ವಾ? ಯಾವ ಸೀಮೆ ನ್ಯಾಯಾನೋ ಇದು!"

ಕೀಲಿ ಸಿಗಲಿಲ್ಲ. ಬಾಗಿಲು ಧಡಾರನೆ ಹಾಕಿಕೊಂಡು ಹೊರಟೆ ಎಂದು ಬರೆಯುವ ಆಸೆಯಿದೆ. ಬಹುಶಃ ಉಪ್ಪಿಟ್ಟು ತಿಂದೇ ಹೋಗಿರುತ್ತೇನೆ.

ಬುಧವಾರ ಹಣ ಕಟ್ಟಿದೆ. ಏಪ್ರಿಲ್ ಬಡ್ಡಿ ಹೋಯಿತು. ಮನೆಗೆ ಬಂದರೆ ಅಮ್ಮ ಹೊಸ ಸೀರೆ ಮಡಿಸುತ್ತಿದ್ದಳು. ಕಂತಿನ ಸೀರೆಯವನು ನಿನ್ನೆ ಬಂದಿದ್ದನಂತೆ.

"ನಿನ್ನೆ? ಮಂಗಳವಾರ ದುಡ್ಡು ಕೊಟ್ಯಾ?"

"ಅದಕ್ಕೆ ಬದಲು ಸೀರೆ ಬಂತಲ್ಲೋ," ಎಂದಳು ಅಮ್ಮ. "ನಿನ್ನ ಪೋಸ್ಟಾಫೀಸಿನವರು ಏನು ಕೊಟ್ರು?"