ನಾಲ್ವರಿಗಷ್ಟೇ ವಂದನೆ

ನಲವತ್ತು ವರ್ಷ ನಾಟಕದ ಕಂಪನಿಯಲ್ಲಿ ನಟರ ಮುಖಕ್ಕೆ ಬಣ್ಣ ಹಚ್ಚಿದ ಮನುಷ್ಯ ಅಪ್ಪ. ಎಂಥೆಂಥ ಸೊಟ್ಟ ಮೂತಿಗಳನ್ನೂ ರಾಜನ ಮುಖ ಮಾಡಿ ಕಳಿಸಿದವನು. ಅಂಥವನಿಗೆ ಸನ್ಮಾನ ಮಾಡಬೇಕೆಂದು ಜನಕ್ಕೆ ಹೊಳೆದದ್ದು ಯಾವಾಗ? ಪಾರ್ಶ್ವವಾಯು ಬಡಿದು, ನಾಲಿಗೆ ತೊದಲಿ, ಒಬ್ಬರನ್ನು ಕರೆಯಹೋಗಿ ಇನ್ನೊಬ್ಬರನ್ನು ಕರೆಯುವಂತಾದ ಮೇಲೆ! ತಪ್ಪಿದ್ದು ಅವನಿಗೇ ಗೊತ್ತಾಗುತ್ತಿರಲಿಲ್ಲ, ಅದೇ ದೊಡ್ಡ ಸಂಕಟ.

ಮಾತಿಗೆ ಎರಡು ನಿಮಿಷ, ಆಮೇಲೆ ಗಂಟೆ ಹೊಡೆಯುತ್ತೇವೆ, ಎಂದು ಸನ್ಮಾನದ ಪತ್ರದಲ್ಲಿತ್ತು. ವಂದನೆ ಹೇಳಬೇಕೆಂದು ಅಪ್ಪ ಎಡಗೈಯಲ್ಲಿ ಬರೆದುಕೊಂಡ ಪಟ್ಟಿಯಲ್ಲಿ ಅರವತ್ತಮೂರು ಜನರಿದ್ದರು. ಮಗಳು ತಲೆ ಚಚ್ಚಿಕೊಂಡಳು.

"ಅಪ್ಪ, ಇದು ಹಾಜರಿ ಪುಸ್ತಕ ಆಯ್ತು. ಟಿಕೆಟ್ ಹರಿದವರಿಂದ ಪರದೆ ಎಳೆದವರವರೆಗೂ ಎಲ್ಲರಿಗೂ ಅಂತ ಒಂದೇ ಮಾತಲ್ಲಿ ಹೇಳು. ಆಮೇಲೆ ಮೂರೇ ಜನ. ಅವರು ಮಾಡಿದ ಒಂದೊಂದು ಕೆಲಸ ಹೇಳು, ಸಾಕು."

ಅಪ್ಪ ಅರವತ್ತು ಜನರನ್ನು ಬಿಟ್ಟುಕೊಟ್ಟ. ಉಳಿದವರು ದರ್ಜಿ, ತೀರಿಹೋದ ಹೆಂಡತಿ, ಮತ್ತೆ ಕೂದಲಪ್ಪ.

ಕೂದಲಪ್ಪ ವಿಗ್ ಕಟ್ಟುವವನು. ತಲೆ ಪೂರಾ ಬೋಳು, ಅದಕ್ಕೇ ಆ ಹೆಸರು. ಇಪ್ಪತ್ತೆಂಟು ವರ್ಷ ಅಪ್ಪನ ಪಕ್ಕದ ಸ್ಟೂಲಿನಲ್ಲಿ ಕೂತು, ವಿಗ್ಗಿನ ಅಂಚು ಹಣೆಗೆ ಅಂಟಿದ್ದು ಯಾರಿಗೂ ಕಾಣದಂತೆ ಒಂದೊಂದೇ ಎಳೆ ಕೂರಿಸಿದವನು. ಹನ್ನೊಂದು ವರ್ಷದ ಹಿಂದೆ ಮ್ಯಾನೇಜರು ಪೋಸ್ಟರಿನಿಂದ ಅವನ ಹೆಸರನ್ನು ಕಿತ್ತುಹಾಕಿದರು. ಅಪ್ಪ ಕಂಡೂ ತುಟಿ ಬಿಚ್ಚಲಿಲ್ಲ. ಕೂದಲಪ್ಪ ಸೂಜಿಡಬ್ಬಿ ಎತ್ತಿಕೊಂಡು ಹೋದವನು ಅಪ್ಪನ ಮನೆಯ ಕಡೆ ಮತ್ತೆ ತಲೆಹಾಕಿರಲಿಲ್ಲ.

ಮಗಳೇ ಅವನಿಗೆ ಫೋನ್ ಮಾಡಿ, ಅಪ್ಪ ವೇದಿಕೆಯಲ್ಲಿ ನಿಮಗೆ ವಂದನೆ ಹೇಳ್ತಾನೆ ಎಂದಳು. "ಎಲ್ಲರ ಮುಂದೆ ಹೇಳ್ತಾನಾ? ಹಾಗಾದ್ರೆ ಬರ್ತೀನಿ," ಎಂದ. ಕಾಯಿಲೆಯ ವಿಷಯ ಎತ್ತಕೂಡದೆಂದು ಅಪ್ಪ ಮೊದಲೇ ಕಟ್ಟುನಿಟ್ಟು ಮಾಡಿದ್ದ. ಕನಿಕರಪಟ್ಟು ಬರುವುದು ಬೇಡವಂತೆ! ಹಟ ಅಂದರೆ ಹಟ.

ಹದಿನೈದು ದಿನ ಅಭ್ಯಾಸ ನಡೆಯಿತು. ಮೊದಲೇ ಹೆಸರು ಬೇಡ, ಕೆಲಸ ಹೇಳು, ಆಮೇಲೆ ಯಾರು ಅಂತ ಹೇಳು ಎಂದು ಮಗಳು ತಿದ್ದಿದಳು. ಕೊನೆಯ ಐದು ದಿನ ಒಂದು ಸಲವೂ ತಪ್ಪಲಿಲ್ಲ.

ಸಭೆಯ ದಿನ ಪರದೆಯ ಪಕ್ಕದಲ್ಲಿ ಅಪ್ಪನ ಶಾಲು ಸರಿಮಾಡುತ್ತಿದ್ದಾಗ ಮ್ಯಾನೇಜರು ನಗುನಗುತ್ತಾ ಬಂದರು. "ನಮ್ಮದೂ ಒಂದು ಮಾತು ಹೇಳಿಸಮ್ಮ. ಸನ್ಮಾನಕ್ಕೆ ಹೆಸರು ಕಳಿಸಿದ್ದೇ ನಾನು."

ಆಗುವುದಿಲ್ಲ ಎನ್ನಬಹುದಿತ್ತು. ದಾಕ್ಷಿಣ್ಯ ನೋಡಿ, ಹಾಳಾದ್ದು! ಮಗಳು ಅಪ್ಪನ ಕಿವಿಯಲ್ಲಿ, "ಕೊನೆಗೆ ಮ್ಯಾನೇಜರಿಗೂ ಒಂದು ವಂದನೆ ಹೇಳಿಬಿಡಪ್ಪ," ಎಂದಳು. ಅಪ್ಪ ತಲೆಯಾಡಿಸಿದ.

ಮೈಕಿನ ಮುಂದೆ ಅವನು ಚೆನ್ನಾಗಿಯೇ ಶುರುಮಾಡಿದ. "ಟಿಕೆಟ್ ಹರಿದವರಿಂದ ಪರದೆ ಎಳೆದವರವರೆಗೂ ಎಲ್ಲರಿಗೂ ಕೈ ಮುಗಿದೆ. ನನ್ನ ಬಣ್ಣ ತಾಗಿದ ಕಾಲರುಗಳನ್ನ ಬೈಯದೆ ಒಗೆಸಿದ್ದು ನಮ್ಮ ದರ್ಜಿ. ಮೊದಲ ವರ್ಷ ನಾನು ಕೈ ಕಲಿಯೋಕೆ ತನ್ನ ಮುಖ ಕೊಟ್ಟಿದ್ದು ನನ್ನ ಹೆಂಡತಿ. ಮುಖಕ್ಕೆ ಕೆರೆತ ಬಂದ್ರೂ ಮಾತಾಡಲಿಲ್ಲ." ಸಭೆ ನಕ್ಕಿತು, ಮಗಳ ಕಣ್ಣು ತುಂಬಿತು. ಮೂರನೇ ಸಾಲಿನಲ್ಲಿ ಕೂದಲಪ್ಪ ಮುಂದಕ್ಕೆ ಬಾಗಿ ಕೂತಿದ್ದ.

ಅಪ್ಪ ಅವನನ್ನೇ ನೋಡಿದ. "ನಾನು ಬರೆದ ಮುಖಕ್ಕೆಲ್ಲ ಹಣೆ ಕೊಟ್ಟೋರು ಒಬ್ಬರಿದ್ದಾರೆ. ಅವರ ಪರವಾಗಿ ಮಾತಾಡಬೇಕಾದಾಗ ನಾನು ಮಾತಾಡಲಿಲ್ಲ. ಅವರಿಲ್ಲದೆ ನಾನಿಲ್ಲ. ಅವರು ನಮ್ಮ ಮ್ಯಾನೇಜರು."

ಮುಂದಿನ ಸಾಲಿನಲ್ಲಿ ಮ್ಯಾನೇಜರು ಎದ್ದು ಸಭೆಗೆಲ್ಲ ಕೈಮುಗಿದರು. ಚಪ್ಪಾಳೆಯೋ ಚಪ್ಪಾಳೆ. ಗಂಟೆ ಹೊಡೆಯಿತು. ಕೂದಲಪ್ಪ ಎದ್ದು ನಡೆದೇಬಿಟ್ಟ.

ಮಗಳು ಪರದೆಯ ಪಕ್ಕದಿಂದ ಓಡಿಹೋಗಿ ಅವನನ್ನು ಬಾಗಿಲಲ್ಲಿ ಹಿಡಿದಳು. "ಮಾಮ, ನಿಲ್ಲಿ! ಅಪ್ಪನಿಗೆ ಪಾರ್ಶ್ವವಾಯು ಆಗಿದೆ. ಮಾತು ತಪ್ಪುತ್ತೆ. ನಿಮ್ಮನ್ನೇ ಹೇಳಿದ್ದು, ದೇವರಾಣೆ."

ಕೂದಲಪ್ಪ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಕಾಲು ಹಿಡಿದಾದರೂ ನಿಲ್ಲಿಸುತ್ತಿದ್ದಳು. "ದರ್ಜಿ ತಪ್ಪಲಿಲ್ಲ. ನಿಮ್ಮಮ್ಮ ತಪ್ಪಲಿಲ್ಲ. ನಾನೊಬ್ಬನೇ ತಪ್ಪಿದ್ನಾ ಮಗಳೇ?" ಎಂದ. ಅವಳ ಕೈಯನ್ನು ಮೆತ್ತಗೆ ಬಿಡಿಸಿಕೊಂಡು ಮೆಟ್ಟಿಲಿಳಿದ. ನಾನೇ ಮ್ಯಾನೇಜರನ್ನು ತುರುಕಿದ್ದು ಎಂದು ಹೇಳುವಷ್ಟರಲ್ಲಿ ಅವನು ಬೀದಿ ದಾಟಿಯಾಗಿತ್ತು.

ಒಳಗೆ ಅಪ್ಪ ಕುರ್ಚಿಯಲ್ಲಿ ಕೂತಿದ್ದ, ಮೈ ಬೆವರಿತ್ತು, ಮುಖ ಹಗುರಾಗಿತ್ತು. ಹನ್ನೊಂದು ವರ್ಷದಲ್ಲಿ ಅವನನ್ನು ಹಾಗೆ ಅವಳು ಕಂಡಿರಲಿಲ್ಲ.

"ಹೇಳಿಬಿಟ್ಟೆ ಕಣೇ. ಕೇಳಿಸ್ಕೊಂಡ್ನಾ?"

"ಕೇಳಿಸ್ಕೊಂಡ್ರು ಅಪ್ಪ."

"ಹಾಗಾದ್ರೆ ಭಾನುವಾರ ಮನೆಗೆ ಬರ್ತಾನೆ," ಎಂದ ಅಪ್ಪ. "ಅನ್ನಕ್ಕೆ ಒಂದು ಹಿಡಿ ಅಕ್ಕಿ ಜಾಸ್ತಿ ಹಾಕು."